ಮೂರು ಸಲ ನೆನಪಿಸಿದರೂ ಜನ ವೆಬಿನಾರ್‌ಗೆ ಬರಲಿಲ್ಲ, ಯಾಕೆ?

ಪ್ರಶ್ನೆ: ನಾನು ಥಾಣೆಯಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್. ನಮ್ಮ ಕನ್ನಡದ ಸಣ್ಣ ಹೋಟೆಲಿನವರಿಗೆ ಅಂತ ಜಿಎಸ್‌ಟಿ ಬಗ್ಗೆ ಉಚಿತ ವೆಬಿನಾರ್ ಮಾಡಿದೆ, ಬುಧವಾರ ಮಧ್ಯಾಹ್ನ 3:30ಕ್ಕೆ. 160 ಜನ ಹೆಸರು ಕೊಟ್ಟರು, ಬಂದವರು 34. ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಮೂರು ಸಲ ನೆನಪಿಸಿದ್ದೆ. ಮೂರು ದಿನ ಮುಂಚೆ, ಹಿಂದಿನ ದಿನ, ಎರಡೂ ಬೆಳಿಗ್ಗೆ 9ಕ್ಕೆ, ಆಮೇಲೆ ಸರಿಯಾಗಿ 3:30ಕ್ಕೆ. ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಮಾರ್ಚ್ 11ಕ್ಕೆ ಇನ್ನೊಂದು ಇಟ್ಟಿದ್ದೇನೆ. ಮೂರು ಮೆಸೇಜುಗಳನ್ನು ಯಾವಾಗ, ಯಾವ ಧಾಟಿಯಲ್ಲಿ ಬರೆಯಬೇಕು?

ಉತ್ತರ: ಧಾಟಿಯ ಮಾತು ಆಮೇಲೆ. ಮೊದಲು ನೀವೇ ಕಳಿಸಿದ ಸ್ಕ್ರೀನ್‌ಶಾಟನ್ನು ಇನ್ನೊಮ್ಮೆ ನೋಡಿ. ಬ್ರಾಡ್‌ಕಾಸ್ಟ್ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ತೆರೆದಿದ್ದೀರಲ್ಲ, ಅದರಲ್ಲಿ ಎಷ್ಟು ಜನರಿಗೆ ತಲುಪಿದೆ ಅಂತ ಕೆಳಗೆ ಕಾಣುತ್ತದೆ. 71. ನೀವು ಕಳಿಸಿದ್ದು 160 ಜನರಿಗೆ. ಉಳಿದ 89 ಜನರಿಗೆ ನಿಮ್ಮ ಮೂರು ಮೆಸೇಜಿನಲ್ಲಿ ಒಂದೂ ಹೋಗಿಲ್ಲ. ಅವರು ಉದಾಸೀನ ಮಾಡಿದರು ಅಂತ ಬೇಜಾರು ಮಾಡಿಕೊಂಡಿದ್ದರೆ ಬಿಟ್ಟುಬಿಡಿ, ಪಾಪ, ಅವರಿಗೆ ಏನೂ ಗೊತ್ತೇ ಇಲ್ಲ.

ಕಾರಣ ಸರಳ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಹೋದ ಮೆಸೇಜು, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನೀವು ಅವರ ನಂಬರ್ ಸೇವ್ ಮಾಡಿದ್ದರೆ ಸಾಲದು, ಅವರು ನಿಮ್ಮದನ್ನು ಮಾಡಿರಬೇಕು. ಗೂಗಲ್ ಫಾರ್ಮಿನಲ್ಲಿ ಹೆಸರು, ನಂಬರು ತುಂಬಿ ಹೋದ ಮುಲುಂಡಿನ ಹೋಟೆಲಿನವರು ನಿಮ್ಮ ನಂಬರ್ ಯಾಕೆ ಸೇವ್ ಮಾಡಿಕೊಳ್ಳುತ್ತಾರೆ? ಹಾಗಾಗಿ ಲೆಕ್ಕ ಹಾಕಬೇಕಾದ್ದು 160ಕ್ಕೆ 34 ಅಂತ ಅಲ್ಲ, 71ಕ್ಕೆ 34 ಅಂತ. ಕಾಸು ಕೊಡದೆ ಹೆಸರು ಬರೆಸಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬಂದಿದ್ದಾರೆ ಅಂದರೆ ಅದು ಕೆಟ್ಟದ್ದೇನಲ್ಲ. ಅಂದರೆ ನಿಮ್ಮ ಅರ್ಧ ತೊಂದರೆ ಬರವಣಿಗೆಯದಲ್ಲ, ಟಪಾಲಿನದು.

ಇದನ್ನು ಸರಿಮಾಡುವ ಜಾಗ ಮೊದಲ ರಿಮೈಂಡರಿಗಿಂತ ಹಿಂದಿದೆ, ಫಾರ್ಮ್ ತುಂಬಿದ ಆ ಕ್ಷಣದಲ್ಲಿ. ಗೂಗಲ್ ಫಾರ್ಮ್ ಕಳಿಸಿದ ಮೇಲೆ ‘ನಿಮ್ಮ ಉತ್ತರ ದಾಖಲಾಗಿದೆ’ ಅಂತ ಒಂದು ಸಾಲು ಬರುತ್ತದೆ ಅಲ್ವಾ, ಆ ಸಾಲನ್ನು ನೀವು ಬದಲಾಯಿಸಬಹುದು. ಅಲ್ಲಿ ‘ಜಾಗ ಖಾತ್ರಿ ಮಾಡಲು ಇದನ್ನು ಒತ್ತಿ ಒಂದು ಮೆಸೇಜ್ ಕಳಿಸಿ’ ಅಂತ ಬರೆದು ಈ ತರಹದ ಲಿಂಕ್ ಹಾಕಿ:

```
https://wa.me/91XXXXXXXXXX?text=Barteeni
```

ಎಕ್ಸ್‌ಗಳ ಜಾಗದಲ್ಲಿ ನಿಮ್ಮ ಹತ್ತು ಅಂಕಿಯ ನಂಬರ್. ಒತ್ತಿದರೆ ಅವರ ವಾಟ್ಸಾಪ್ ತೆರೆದು, ನಿಮಗೆ ಕಳಿಸುವ ಮೆಸೇಜು ಮೊದಲೇ ಬರೆದು ಕೂತಿರುತ್ತದೆ, ಅವರು ಕಳಿಸುವ ಬಟನ್ ಒತ್ತಿದರೆ ಆಯಿತು. ‘ಬರ್ತೀನಿ’ ಅಂತ ಕನ್ನಡದಲ್ಲೇ ಹಾಕಬಾರದೇ ಅಂತ ಕೇಳಬೇಡಿ, ಕನ್ನಡ ಅಕ್ಷರ ಬಂದ ಕಡೆ ಲಿಂಕ್ ತುಂಡಾಗುವುದುಂಟು. ಅವರ ಮೆಸೇಜು ಬಂದ ಕೂಡಲೇ ನಿಮ್ಮ ಕಾಂಟ್ಯಾಕ್ಟ್ ಕಾರ್ಡನ್ನೇ ವಾಪಸ್ ಕಳಿಸಿ, ಜೊತೆಗೆ ‘ಇದನ್ನು ಸೇವ್ ಮಾಡಿಕೊಳ್ಳಿ, ಇಲ್ಲದಿದ್ದರೆ ಲಿಂಕ್ ನಿಮಗೆ ಬರುವುದಿಲ್ಲ’ ಅಂತ ಒಂದೇ ಸಾಲು. ಇದು ಹೆದರಿಸಿದ್ದಲ್ಲ, ನಿಜ ಸಂಗತಿ. ನಂಬರ್ ಬರೆದುಕೊಂಡು ಸೇವ್ ಮಾಡುವುದು ಒಂದು ಕೆಲಸ, ಕಾರ್ಡ್ ಒತ್ತಿ ಸೇವ್ ಮಾಡುವುದು ಎರಡು ಸೆಕೆಂಡಿನ ಮಾತು.

ಹಳೆಯ 89 ಜನರನ್ನು ಏನು ಮಾಡುವುದು? ಅವರಿಗೆ ಒಬ್ಬೊಬ್ಬರಿಗೇ ಬರೆಯಿರಿ, ದಿನಕ್ಕೆ ಹದಿನೈದು ಇಪ್ಪತ್ತು. ಒಂದೇ ಗಂಟೆಯಲ್ಲಿ 89 ಅಪರಿಚಿತರಿಗೆ ಒಂದೇ ಪಠ್ಯ ಅಂಟಿಸುತ್ತಾ ಹೋದರೆ ನಾಲ್ಕು ಜನ ರಿಪೋರ್ಟ್ ಒತ್ತಿದರೂ ಸಾಕು, ನಿಮ್ಮ ನಂಬರೇ ಬಂದ್ ಆಗಬಹುದು. ಸ್ವಂತ ಸಿಮ್‌ನಿಂದ ರಾಶಿ ಎಸ್ಸೆಮ್ಮೆಸ್ ಕಳಿಸುವ ಯೋಚನೆಯನ್ನೂ ಬಿಡಿ. ವ್ಯಾಪಾರದ ಎಸ್ಸೆಮ್ಮೆಸ್‌ಗೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಬೇಕು, ಮೆಸೇಜಿನ ಪಠ್ಯವನ್ನೂ ಮೊದಲೇ ಒಪ್ಪಿಸಿಕೊಳ್ಳಬೇಕು. ಮೇಲಾಗಿ ಕನ್ನಡದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಲ್ಲ, 70 ಅಕ್ಷರ ಮಾತ್ರ, ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. 160 ಜನರಿಗೋಸ್ಕರ ಅಷ್ಟು ರಗಳೆ ಯಾಕೆ?

ಈಗ ಮೆಸೇಜುಗಳಿಗೆ ಬರೋಣ.

ನಿಮ್ಮ ಮೂರೂ ಮೆಸೇಜು ಒಂದೇ ಪೋಸ್ಟರು. ಮೇಲಿನ ಸಾಲು ಮಾತ್ರ ಬೇರೆ: ‘ಇನ್ನು ಮೂರೇ ದಿನ’, ‘ಇನ್ನು ಒಂದೇ ದಿನ’, ‘ಈಗ ಶುರು’. ಓದುವವರ ಕಡೆಯಿಂದ ನೋಡಿದರೆ ಇದು ಒಂದೇ ಮೆಸೇಜು ಮೂರು ಸಲ ಬಂದಂತೆ. ಎರಡನೆಯದು ಕಂಡ ಕೂಡಲೇ ‘ಓ, ಅದೇ’ ಅಂತ ಮೇಲಕ್ಕೆ ತಳ್ಳುತ್ತಾರೆ, ಲಿಂಕ್ ಇರುವ ಮೂರನೆಯದಕ್ಕೂ ಅದೇ ಗತಿ. ನಾನು ಪುಣೆಯಲ್ಲಿ ಕೂತು ಬೇರೆ ಬೇರೆ ಧಂದೆಯವರಿಗೆ ಆನ್‌ಲೈನ್ ತರಬೇತಿ ನಡೆಸಿಕೊಡುತ್ತಾ ಬಂದಿದ್ದೇನೆ, ಅದರಲ್ಲಿ ಕಲಿತದ್ದು ಇಷ್ಟೇ: ಮೂರು ಮೆಸೇಜಿಗೆ ಮೂರು ಬೇರೆ ಕೆಲಸ ಕೊಡಬೇಕು. ಮೊದಲನೆಯದು ಅವರಿಂದ ಒಂದು ಮಾತು ಆಡಿಸಬೇಕು. ಎರಡನೆಯದು ಅವರ ಕೈಯಲ್ಲಿ ಒಂದು ಏರ್ಪಾಡು ಮಾಡಿಸಬೇಕು. ಕೊನೆಯದು ಬಾಗಿಲು ತೋರಿಸಬೇಕು, ಅಷ್ಟೇ. ಕೆಲಸ ಬೇರೆಯಾದರೆ ಧಾಟಿ ತಾನಾಗಿ ಬೇರೆಯಾಗುತ್ತದೆ, ಹೊತ್ತೂ ಅದರಿಂದಲೇ ಹೊರಡುತ್ತದೆ.

ಹೊತ್ತು ಅಂದೆ. ಬೆಳಿಗ್ಗೆ 9 ಗಂಟೆ ಆಫೀಸಿನವರ ಹೊತ್ತು, ಫಾಸ್ಟ್ ಲೋಕಲ್‌ನಲ್ಲಿ ಸೀಟು ಸಿಕ್ಕಿ ಫೋನ್ ತೆಗೆಯುವವರ ಹೊತ್ತು. ಹೋಟೆಲಿನವರಿಗೆ ಅದು ಇಡ್ಲಿ ವಡೆಯ ರಶ್ಶು, ಇನ್ನೊಂದು ಕೈಯಲ್ಲಿ ತರಕಾರಿಯವನ ಲೆಕ್ಕ. ಆಗ ಬಂದ ಮೆಸೇಜನ್ನು ನೋಡಿಯೂ ನೋಡದ ಹಾಗೆ ಇರುತ್ತಾರೆ, ನೀಲಿ ಟಿಕ್ ಬೀಳುತ್ತದೆ, ತಲೆಗೆ ಹೋಗಿರುವುದಿಲ್ಲ. ಅವರ ದಿನವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಊಟದ ರಶ್ಶು ಮುಗಿದು, ಸಂಜೆಯ ದೋಸೆ ಕಾವಲಿ ಬಿಸಿಯಾಗುವ ಮುಂಚೆ, ಮೂರೂವರೆಯಿಂದ ಐದರ ತನಕ ಸ್ವಲ್ಪ ಉಸಿರು ಬಿಡುತ್ತಾರೆ. ಅದಕ್ಕೇ ನೀವು ವೆಬಿನಾರನ್ನೂ 3:30ಕ್ಕೆ ಇಟ್ಟಿದ್ದು, ಅದು ಸರಿಯಾಗಿಯೇ ಇದೆ. ಹಾಗಿದ್ದ ಮೇಲೆ ರಿಮೈಂಡರ್ ಯಾಕೆ 9ಕ್ಕೆ?

ಮೊದಲನೆಯದು: ಮಾರ್ಚ್ 9, ಸೋಮವಾರ, ಮಧ್ಯಾಹ್ನ 3:40

ಎರಡು ದಿನ ಮುಂಚೆ, ಆದರೆ ವೆಬಿನಾರ್ ನಡೆಯುವ ಹೊತ್ತಿಗೇ. ಇದಕ್ಕೆ ಎರಡು ಕಾರಣ. ಆ ಹೊತ್ತಿಗೆ ಅವರು ಓದಿದರೆ, ‘ಓ, ಬುಧವಾರ ಇದೇ ಹೊತ್ತಿಗಲ್ವಾ, ನಾನು ಬಿಡುವಾಗೇ ಇರ್ತೀನಿ’ ಅಂತ ಅವರಿಗೇ ಅನ್ನಿಸುತ್ತದೆ, ನೀವು ಹೇಳುವುದೇ ಬೇಡ. ಎರಡನೆಯದು ನಿಮಗಾಗಿ. 3:40ಕ್ಕೆ ಕಳಿಸಿ, 4:15ಕ್ಕೆ ಇನ್ಫೋ ತೆರೆದು ನೋಡಿ. ಆಗಲೇ ಬಹಳ ಜನ ಓದಿದ್ದರೆ ನೀವು ಆರಿಸಿದ ಹೊತ್ತು ನಿಜವಾಗಿಯೂ ಬಿಡುವಿನ ಹೊತ್ತು. ಓದಿದವರು ರಾತ್ರಿ ಹತ್ತೂವರೆಗೆ ಮಾತ್ರ ಕಂಡರೆ ವೆಬಿನಾರಿನ ಸಮಯವೇ ತಪ್ಪು. ಅದು ಎರಡು ದಿನ ಮುಂಚೆಯೇ ಗೊತ್ತಾದರೆ ಮುಂದಿನ ಸಲಕ್ಕಾದರೂ ಬದಲಾಯಿಸಬಹುದು. ನೀಲಿ ಟಿಕ್ ಆಫ್ ಮಾಡಿಕೊಂಡವರು ಈ ಲೆಕ್ಕದಲ್ಲಿ ಸಿಗುವುದಿಲ್ಲ, ಇರಲಿ, ಅಂದಾಜಿಗೆ ಸಾಕು.

ಮೂರು ದಿನ ಮುಂಚೆ ಯಾಕೆ ಬೇಡ ಅಂದರೆ ಅದು ಭಾನುವಾರ ಆಗುತ್ತದೆ. ಭಾನುವಾರ ಹೋಟೆಲಿನವರಿಗೆ ರಜೆಯಲ್ಲ, ಜಾತ್ರೆ.

ಈ ಮೆಸೇಜಿನಲ್ಲಿ ಲಿಂಕ್ ಹಾಕಬೇಡಿ, ಪೋಸ್ಟರೂ ಬೇಡ. ಎರಡು ದಿನ ಮುಂಚೆ ಕೊಟ್ಟ ಲಿಂಕ್ ಬುಧವಾರ ಹುಡುಕುವಾಗ ಮದುವೆ ಫೋಟೋ, ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತು ಹೋಗಿರುತ್ತದೆ. ಇಲ್ಲಿ ಬೇಕಾದ್ದು ಒಂದು ಪ್ರಶ್ನೆ. ಒಂದೇ ಪದದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ, ಅದೂ ಅವರ ಗಲ್ಲಾ ಪೆಟ್ಟಿಗೆಗೆ ಸಂಬಂಧಪಟ್ಟದ್ದು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ನಮಸ್ಕಾರ. ಬುಧವಾರ ಮಧ್ಯಾಹ್ನ 3:30ಕ್ಕೆ ಕಾಂಪೊಸಿಷನ್ ಸ್ಕೀಮ್ ಬಗ್ಗೆ ಮಾತಾಡಲು ಹೆಸರು ಕೊಟ್ಟಿದ್ದೀರಿ. ಅದಕ್ಕೆ ಮುಂಚೆ ಒಂದು ವಿಷಯ ಕೇಳಬೇಕಿತ್ತು. ಈಗ ನಿಮ್ಮ ಬಿಲ್ಲಿನಲ್ಲಿ ಗಿರಾಕಿಯಿಂದ 5% ಜಿಎಸ್‌ಟಿ ತೆಗೆದುಕೊಳ್ಳುತ್ತಿದ್ದೀರಾ? ‘ಹೌದು’ ಅಥವಾ ‘ಇಲ್ಲ’ ಅಂತ ಬರೆದರೆ ಸಾಕು, ಅದನ್ನು ನೋಡಿ ಉದಾಹರಣೆ ಆರಿಸುತ್ತೇನೆ. ಬುಧವಾರ ಬರಲು ಆಗದಿದ್ದರೆ ‘ಆಗಲ್ಲ’ ಅಂತ ಬರೀರಿ, ಮತ್ತೆ ತೊಂದರೆ ಕೊಡಲ್ಲ.

ಈ ಪ್ರಶ್ನೆಯನ್ನು ಸುಮ್ನೆ ಆರಿಸಿದ್ದಲ್ಲ. ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಸ್ಕೀಮ್‌ನಲ್ಲಿ ಇರುವವರು ಗಿರಾಕಿಯಿಂದ ಟ್ಯಾಕ್ಸ್ ವಸೂಲಿ ಮಾಡುವ ಹಾಗಿಲ್ಲ, ತಮ್ಮ ವ್ಯಾಪಾರದ ಮೇಲೆ 5% ತಾವೇ ಕಟ್ಟಬೇಕು. ಸಾಮಾನ್ಯ ನೋಂದಣಿಯ ಹೋಟೆಲಿನವರು ಗಿರಾಕಿಯಿಂದ 5% ತೆಗೆದುಕೊಂಡು ಕಟ್ಟುತ್ತಾರೆ. ಇದು ನಿಮಗೆ ಬಾಯಿಪಾಠ, ನಾನು ಹೇಳಬೇಕಾಗಿಲ್ಲ. ಆದರೆ ಪ್ರಶ್ನೆ ಓದಿದ ಹೋಟೆಲಿನವರಿಗೆ ‘ಅರೆ, ನಾನು ತಗೋತಾ ಇರೋದು ಸರಿನಾ ತಪ್ಪಾ’ ಅಂತ ಒಂದು ಹುಳ ತಲೆಯೊಳಗೆ ಬಿಡುತ್ತದೆ. ‘ತಪ್ಪದೇ ಬನ್ನಿ’ ಅಂತ ಹತ್ತು ಸಲ ಬರೆದರೂ ಆಗದ ಕೆಲಸ ಅದು. ಜೊತೆಗೆ ಒಂದು ಪದ ಬರೆದು ಕಳಿಸಿದವರು ನಿಮ್ಮ ಜೊತೆ ಮಾತು ಶುರು ಮಾಡಿದ ಹಾಗೆ, ಬುಧವಾರ ಅವರಿಗೆ ನೀವು ಬರೀ ಪೋಸ್ಟರಿನ ಮುಖವಲ್ಲ.

‘ಆಗಲ್ಲ’ ಅನ್ನಲು ದಾರಿ ಕೊಟ್ಟಿದ್ದು ಯಾಕೆ ಅಂತ ಹುಬ್ಬೇರಿಸಬಹುದು. ಬರದವರು ಹೇಗೂ ಬರುವುದಿಲ್ಲ. ಅವರಿಗೆ ಇನ್ನೆರಡು ಮೆಸೇಜು ಕಳಿಸಿದರೆ ನಿಮ್ಮನ್ನು ಮ್ಯೂಟ್ ಮಾಡುತ್ತಾರೆ, ಮುಂದಿನ ವೆಬಿನಾರಿಗೂ ಕೈ ತಪ್ಪುತ್ತಾರೆ. ‘ಆಗಲ್ಲ’ ಅಂದವರನ್ನು ಆ ದಿನವೇ ಲಿಸ್ಟಿನಿಂದ ತೆಗೆದು ಬೇರೆ ಲಿಸ್ಟಿಗೆ ಹಾಕಿ. ಇದನ್ನು ಮರೆತು ಮಂಗಳವಾರ ಅವರಿಗೂ ಕಳಿಸಿಬಿಟ್ಟರೆ, ಕೊಟ್ಟ ಮಾತು ತಪ್ಪಿದ ಹಾಗಾಗುತ್ತದೆ. ಟ್ಯಾಕ್ಸ್ ಸಲಹೆಗಾರರ ಮೇಲೆ ಜನ ಇಟ್ಟ ನಂಬಿಕೆ ಇಂಥ ಸಣ್ಣ ವಿಷಯಕ್ಕೇ ಅಲುಗಾಡುವುದು.

ಹೆಸರು ಹಿಡಿದು ಕರೆಯಬೇಕೇ? ಬ್ರಾಡ್‌ಕಾಸ್ಟ್‌ನಲ್ಲಿ ಆಗುವುದಿಲ್ಲ, ಆಗುವಂತಿದ್ದರೂ ಎಚ್ಚರ. ಫಾರ್ಮಿನಲ್ಲಿ ಅರ್ಧ ಜನ ಸರ್‌ನೇಮ್ ಮೊದಲು ಬರೆದಿರುತ್ತಾರೆ, ಕೆಲವರು ಹೋಟೆಲಿನ ಹೆಸರನ್ನೇ ಬರೆದಿರುತ್ತಾರೆ. ‘ನಮಸ್ಕಾರ ಹೋಟೆಲ್ ಪ್ರೈವೇಟ್ ಲಿಮಿಟೆಡ್ ಅವರೇ’ ಅಂತ ಹೋದರೆ ನಗುಪಾಟಲು. ಬರೀ ‘ನಮಸ್ಕಾರ’ ಮರ್ಯಾದೆಯಾಗಿಯೇ ಇದೆ.

ಎರಡನೆಯದು: ಮಾರ್ಚ್ 10, ಮಂಗಳವಾರ, ಸಂಜೆ 4:30

ಮಧ್ಯಾಹ್ನ 3:30ಕ್ಕೆ ಹೋಟೆಲಿನವರು ಬರದೇ ಇರುವುದು ಆಸಕ್ತಿ ಇಲ್ಲದೆ ಅಲ್ಲ. ಗಲ್ಲಾ ಬಿಟ್ಟು ಏಳಲು ಆಗುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ಅವರೇ ಕೂತಿರುತ್ತಾರೆ, ಇಲ್ಲಾಂದರೆ ತಮ್ಮನೋ ಭಾವನೋ. ಆದ್ದರಿಂದ ಎರಡನೆಯ ಮೆಸೇಜಿನ ಪೂರ್ತಿ ಗುರಿ ಒಂದೇ, ನಾಳೆ ಮುಕ್ಕಾಲು ಗಂಟೆ ಗಲ್ಲಾ ಮೇಲೆ ಇನ್ನೊಬ್ಬರು ಕೂರುವ ಹಾಗೆ ಆಗಬೇಕು. ಆ ಇನ್ನೊಬ್ಬರಿಗೆ ಹೇಳಲು ಹೊತ್ತು ಸಿಗಬೇಕಾದರೆ ಹಿಂದಿನ ದಿನವೇ ಗೊತ್ತಾಗಬೇಕು. ಅದೇ ದಿನ ಬೆಳಿಗ್ಗೆ ಹೇಳಿದರೆ ತಮ್ಮ ಅಷ್ಟು ಹೊತ್ತಿಗೆ ವಾಶಿ ಮಾರ್ಕೆಟ್‌ಗೆ ಹೋಗಿರುತ್ತಾನೆ.

ಕೆಲವರು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಕಳಿಸಿ ಅನ್ನುತ್ತಾರೆ, ಆಗ ಆರಾಮಾಗಿ ಓದುತ್ತಾರೆ ಅಂತ. ನಿಜ, ಓದುತ್ತಾರೆ. ಆದರೆ ಓದಿ ಮಲಗುತ್ತಾರೆ. ಏರ್ಪಾಡು ಮಾಡಬೇಕಾದವರು ಎದುರಿಗೆ ಇರುವ ಹೊತ್ತಿಗೆ ಮೆಸೇಜು ಬರಬೇಕು. 4:30ಕ್ಕೆ ಹುಡುಗರೆಲ್ಲ ಮತ್ತೆ ಕೆಲಸಕ್ಕೆ ಇಳಿಯುವ ಹೊತ್ತು, ‘ಏ, ನಾಳೆ ಮೂರೂವರೆಗೆ ನೀನು ಗಲ್ಲಾ ನೋಡ್ಕೋ’ ಅಂತ ಆಗಲೇ ಹೇಳಿಬಿಡಬಹುದು.

ಧಾಟಿ ಇಲ್ಲಿ ಬದಲಾಗುತ್ತದೆ. ಪ್ರಶ್ನೆ ಇಲ್ಲ, ಹರಟೆ ಇಲ್ಲ, ಮನವೊಲಿಸುವುದೂ ಇಲ್ಲ. ಅವರು ಬರುತ್ತಾರೆ ಅಂತಲೇ ತಿಳಿದು, ಬರುವವರಿಗೆ ಹೇಳುವ ಹಾಗೆ ಹೇಳಬೇಕು:

> ನಾಳೆ ಬುಧವಾರ 3:30ರಿಂದ 4:15. ಅಷ್ಟು ಹೊತ್ತು ಗಲ್ಲಾ ನೋಡಿಕೊಳ್ಳಲು ಯಾರಿಗಾದರೂ ಹೇಳಿಡಿ. ಎರಡು ಇಟ್ಟುಕೊಳ್ಳಿ: ಈ ವರ್ಷದ ಒಟ್ಟು ವ್ಯಾಪಾರದ ಅಂದಾಜು, ಇವತ್ತಿನ ಒಂದು ಬಿಲ್ಲು.
> ಲಿಂಕ್ ಇದು. ಈಗಲೇ ಒಮ್ಮೆ ಒತ್ತಿ ನೋಡಿ. ಹೋಸ್ಟ್ ಇನ್ನೂ ಬಂದಿಲ್ಲ ಅಂತ ಬಂದರೆ ಎಲ್ಲ ಸರಿ ಇದೆ ಅಂತ ಅರ್ಥ.

‘ಒಂದು ಬಿಲ್ಲು ಇಟ್ಟುಕೊಳ್ಳಿ’ ಅನ್ನುವುದನ್ನು ಬಿಡಬೇಡಿ. ಬಿಲ್ ಬುಕ್ಕಿನಿಂದ ಒಂದನ್ನು ಹರಿದು ಜೇಬಿನಲ್ಲಿ ಇಟ್ಟುಕೊಂಡವರು ಬರುತ್ತಾರೆ. ಬಿಲ್ಲು ಜೇಬಿನಲ್ಲೇ ಇರುವಾಗ ಮರೆಯುವುದು ಕಷ್ಟ.

‘ಈಗಲೇ ಒತ್ತಿ ನೋಡಿ’ ಅನ್ನುವುದರ ಹಿಂದೆ ನನ್ನದೊಂದು ಕಹಿ ಅನುಭವ ಇದೆ. ಫೋನಿನಲ್ಲಿ ಝೂಮ್ ಇಲ್ಲದವರಿಗೆ ಲಿಂಕ್ ಒತ್ತಿದರೆ ಆ್ಯಪ್ ಹಾಕಿಕೊಳ್ಳಿ ಅನ್ನುತ್ತದೆ, ಇರುವವರಿಗೆ ಕೆಲವೊಮ್ಮೆ ಅಪ್‌ಡೇಟ್ ಮಾಡಿ ಅನ್ನುತ್ತದೆ, ಫೋನಿನಲ್ಲಿ ಜಾಗ ತುಂಬಿದೆ ಅನ್ನುತ್ತದೆ, ಒಟ್ಟಿನಲ್ಲಿ 3:30ಕ್ಕೆ ಇದೆಲ್ಲ ಶುರುವಾದರೆ ಅವರು ಒಳಗೆ ಬರುವಷ್ಟರಲ್ಲಿ ನಾಲ್ಕು ಗಂಟೆ, ಅಥವಾ ಬೇಸತ್ತು ಬಿಟ್ಟೇಬಿಡುತ್ತಾರೆ. ಒಂದು ಸಲ ನನ್ನ ಕಾರ್ಯಕ್ರಮದಲ್ಲಿ ಶುರುವಾದ ಮೊದಲ ಹತ್ತು ನಿಮಿಷ ಬರೀ ‘ಓಪನ್ ಆಗ್ತಿಲ್ಲ’ ಅನ್ನುವ ಫೋನುಗಳನ್ನೇ ಎತ್ತಿದ್ದೇನೆ. ಆ ತೊಡಕು ಹಿಂದಿನ ದಿನವೇ ಮುಗಿಯಲಿ. ಮಂಗಳವಾರ ಸಂಜೆ ನಾಲ್ಕು ಜನ ನಿಮಗೆ ಫೋನ್ ಮಾಡಿ ‘ಆಗ್ತಿಲ್ಲ’ ಅಂದರೆ ಖುಷಿಪಡಿ, ಅವರು ನಾಳೆಯ ಲೆಕ್ಕಕ್ಕೆ ಸೇರಿದರು.

ಇನ್ನೊಂದು ಸಣ್ಣ ವಿಷಯ. ಝೂಮ್‌ನ ವೆಬಿನಾರ್ ಪ್ಲಾನ್ ಇಟ್ಟುಕೊಂಡು ಅದರಲ್ಲೇ ನೋಂದಣಿ ಮಾಡಿಸುತ್ತಿದ್ದರೆ, ಒಂದು ವಾರ, ಒಂದು ದಿನ, ಒಂದು ಗಂಟೆ ಮುಂಚೆ ಅದೇ ಮೇಲ್ ಕಳಿಸುವ ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ನಿಮ್ಮ ಮೂರರ ಮೇಲೆ ಅದರದ್ದೂ ಸೇರಿ ಆರಾಗುತ್ತದೆ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ. ಹೋಟೆಲಿನವರ ಮಟ್ಟಿಗೆ ಮೇಲ್ ಆಫ್ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಅಂದಾಜು.

ರೆಕಾರ್ಡಿಂಗ್ ಸಿಗುತ್ತದೆ ಅಂತ ಮೊದಲ ಎರಡು ಮೆಸೇಜಿನಲ್ಲಿ ಬರೆಯಬೇಡಿ. ಬರೆದರೆ ‘ಹಂಗಾದ್ರೆ ಆಮೇಲೆ ನೋಡೋಣ’ ಆಗುತ್ತದೆ, ಆ ‘ಆಮೇಲೆ’ ಬರುವುದೇ ಇಲ್ಲ. ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ, ಇದೆ ಅನ್ನಿ.

ಕೊನೆಯದು: ಮಾರ್ಚ್ 11, ಬುಧವಾರ, 3:12

ನೀವು ಸರಿಯಾಗಿ 3:30ಕ್ಕೆ ಕಳಿಸಿದ್ದಿರಿ. ಅದು ರಿಮೈಂಡರ್ ಅಲ್ಲ, ಬಸ್ಸು ಹೊರಟ ಮೇಲೆ ಹೊಡೆದ ಸೀಟಿ. ಫೋನ್ ಚಾರ್ಜಿಗೆ ಇಟ್ಟಿರುತ್ತಾರೆ, ಇಯರ್‌ಫೋನ್ ಹುಡುಕಬೇಕು, ಅಡುಗೆಮನೆಯ ಸದ್ದಿನಿಂದ ದೂರ ಒಂದು ಜಾಗ ನೋಡಬೇಕು, ಮುಂಬೈಯ ಹೋಟೆಲಿನಲ್ಲಿ ಅಂಥ ಜಾಗ ಅಂದರೆ ಅಟ್ಟದ ಮೇಲಿನ ಅಕ್ಕಿ ಮೂಟೆಗಳ ನಡುವೆಯೇ. ಇದಕ್ಕೆಲ್ಲ ಹತ್ತು ಹದಿನೈದು ನಿಮಿಷ ಬೇಕು.

ಒಂದು ಗಂಟೆ ಮುಂಚೆ ಕಳಿಸಿದರೆ? 2:30ಕ್ಕೆ ಥಾಲಿ ಇನ್ನೂ ನಡೆಯುತ್ತಿರುತ್ತದೆ. ಓದಿ, ಸರಿ ಅಂತ ಫೋನ್ ಜೇಬಿಗೆ ಹಾಕಿ, ಮರೆತುಬಿಡುತ್ತಾರೆ. ಐದು ನಿಮಿಷ ಮುಂಚೆ ಅಂದರೆ ಗಡಿಬಿಡಿ. ಹದಿನೈದರಿಂದ ಇಪ್ಪತ್ತು ನಿಮಿಷ ಅನ್ನುವುದು ನನ್ನ ಕೈಗೆ ಸರಿ ಹೊಂದಿದ ಅಳತೆ. ಅದಕ್ಕಿಂತ ಮುಂಚೆ ಆದರೆ ಇನ್ನೊಂದು ಕೆಲಸ ಕೈಗೆತ್ತಿಕೊಳ್ಳುತ್ತಾರೆ.

> 3:30ಕ್ಕೆ ಶುರು. ನಾನು ಒಳಗೆ ಕೂತಿದ್ದೇನೆ, ಈಗಲೇ ಬರಬಹುದು:
> (ಲಿಂಕ್)
> ಬಿಲ್ಲು ಕೈಯಲ್ಲಿರಲಿ.

ಮುಗಿಯಿತು. ನಮಸ್ಕಾರ ಇಲ್ಲ, ವಿಷಯದ ಮಹತ್ವ ಇಲ್ಲ, ನಿಮ್ಮ ಪರಿಚಯ ಇಲ್ಲ. ಮರ್ಯಾದೆ ಕಡಿಮೆ ಆಯಿತೇನೋ ಅನ್ನಿಸಬಹುದು. ಇಲ್ಲ, ಬಾಗಿಲಲ್ಲಿ ನಿಂತವರಿಗೆ ಭಾಷಣ ಮಾಡದೆ ‘ಬನ್ನಿ ಒಳಗೆ’ ಅನ್ನುವುದೇ ಮರ್ಯಾದೆ. ಲಿಂಕನ್ನೇ ಮೊದಲ ಸಾಲಿನಲ್ಲಿ ಹಾಕುವ ಆಸೆಯಾಗುತ್ತದೆ, ಬೇಡ. ಬೀಗ ಹಾಕಿದ ಫೋನಿನ ಮೇಲೆ ಕಾಣುವುದು ಮೊದಲ ಸಾಲು. ಅಲ್ಲಿ ಉದ್ದನೆಯ ಇಂಗ್ಲಿಷ್ ಅಕ್ಷರ, ಅಂಕಿಗಳ ಲಿಂಕ್ ಕಂಡರೆ ಯಾವುದೋ ಲೋನಿನ ಮೆಸೇಜು ಅಂತ ತಳ್ಳಿಬಿಡುತ್ತಾರೆ. ಸಮಯ ಮೊದಲು, ಲಿಂಕ್ ಆಮೇಲೆ. ಪೋಸ್ಟರಂತೂ ಇಲ್ಲಿ ಬೇಡವೇ ಬೇಡ, ಪೋಸ್ಟರಿನ ಚಿತ್ರದೊಳಗೆ ಅಚ್ಚಾದ ಲಿಂಕ್ ಒತ್ತಲು ಬರುವುದಿಲ್ಲ ಅನ್ನುವುದು ಮೂಲೆಗೆ ಬಿದ್ದ ಸತ್ಯ.

‘ನಾನು ಒಳಗೆ ಕೂತಿದ್ದೇನೆ’ ಅಂದ ಮೇಲೆ ನಿಜವಾಗಿ ಕೂತಿರಬೇಕು. 3:10ಕ್ಕೇ ಮೀಟಿಂಗ್ ಶುರು ಮಾಡಿ, ಆಮೇಲೆ ಮೆಸೇಜು ಕಳಿಸಿ. ಒತ್ತಿದವರಿಗೆ ಹೋಸ್ಟ್ ಬಂದಿಲ್ಲ ಅಂತ ಕಂಡರೆ, ಹಿಂದಿನ ದಿನ ‘ಎಲ್ಲ ಸರಿ ಇದೆ’ ಅನಿಸಿದ ಅದೇ ಸಾಲು ಇವತ್ತು ‘ಇನ್ನೂ ಶುರುವಾಗಿಲ್ಲ, ಆಮೇಲೆ ನೋಡೋಣ’ ಅನಿಸುತ್ತದೆ. ಬೇಗ ಬಂದ ಏಳೆಂಟು ಜನರ ಜೊತೆ ಆ ಹದಿನೈದು ನಿಮಿಷ ಸೋಮವಾರದ ‘ಹೌದು’, ‘ಇಲ್ಲ’ಗಳ ಬಗ್ಗೆಯೇ ಮಾತಾಡಿ.

ಇದನ್ನು ಕೈಯಿಂದಲೇ ಕಳಿಸಿ, ಫೋನಿನಲ್ಲಿ 3:05ಕ್ಕೆ ಅಲಾರಂ ಇಟ್ಟುಕೊಂಡು. ತಾನಾಗಿ ಹೋಗುವ ಹಾಗೆ ಶೆಡ್ಯೂಲ್ ಮಾಡುವುದಾದರೆ ಮೊದಲು ನಿಮಗೇ ಒಂದು ಕಳಿಸಿಕೊಂಡು ನೋಡಿ. ಇದೂ ನಾನು ಪೆಟ್ಟು ತಿಂದು ಕಲಿತದ್ದೇ. ಒಮ್ಮೆ ಮೇಲ್ ಕಳಿಸುವ ಸಾಧನವೊಂದರಲ್ಲಿ ಕೊನೆಯ ಮೆಸೇಜನ್ನು 3:10ಕ್ಕೆ ಅಂತ ಇಟ್ಟೆ. ಅದರ ಗಡಿಯಾರ ಯುಟಿಸಿಯಲ್ಲಿತ್ತು, ನಾನು ನೋಡಿರಲಿಲ್ಲ. ನಮ್ಮ ಹೊತ್ತು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ‘ಈಗ ಶುರುವಾಗುತ್ತಿದೆ, ಬನ್ನಿ’ ಅನ್ನುವ ಮೇಲು ಎಲ್ಲರಿಗೂ ರಾತ್ರಿ 8:40ಕ್ಕೆ ಹೋಯಿತು. ಒಬ್ಬರು ನಿಜವಾಗಿಯೂ ಊಟ ಬಿಟ್ಟು ಎದ್ದು ಬಂದು, ಖಾಲಿ ಕೋಣೆಯಲ್ಲಿ ಅರ್ಧ ಗಂಟೆ ಕಾದಿದ್ದರಂತೆ. ಮರುದಿನ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳುವಾಗ ನನ್ನ ಮುಖ ಹೇಗಿತ್ತೋ.

ನಾಲ್ಕನೆಯದು ಕಳಿಸುವ ಆಸೆ

3:40 ಆಗಿರುತ್ತದೆ, ಒಳಗೆ ನಲವತ್ತೇ ಜನ ಕಾಣುತ್ತಿರುತ್ತಾರೆ, ಕೈ ತುರಿಸುತ್ತದೆ: ‘ಶುರುವಾಗಿದೆ, ಬೇಗ ಬನ್ನಿ’ ಅಂತ ಎಲ್ಲರಿಗೂ ಕಳಿಸೋಣ ಅಂತ. ಬೇಡ. ಒಳಗೆ ಕೂತಿರುವ ನಲವತ್ತು ಜನರ ಫೋನೂ ಟಿಂಗ್ ಅನ್ನುತ್ತದೆ, ಬಂದು ಕೂತವರಿಗೆ ಬನ್ನಿ ಅಂದ ಹಾಗಾಗುತ್ತದೆ. ಸೋಮವಾರ ಉತ್ತರ ಬರೆದು, ಇವತ್ತು ಕಾಣದವರು ಐದಾರು ಜನ ಇರುತ್ತಾರೆ. ನಿಮ್ಮ ಆಫೀಸಿನಲ್ಲಿ ಯಾರಾದರೂ ಸಹಾಯಕ್ಕಿದ್ದರೆ, ಆ ಐದಾರು ಜನರಿಗೆ ಮಾತ್ರ ಒಬ್ಬೊಬ್ಬರಿಗೇ ‘ಲಿಂಕ್ ತೆರೀತಾ?’ ಅಂತ ಬರೆಯಲು ಹೇಳಿ. ನೀವು ಮಾತಾಡುತ್ತಾ ಇರಿ.

ಮುಗಿದ ಮೇಲೆ ಏನು ನೋಡಬೇಕು

ಬಂದವರ ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿ ಸುಮ್ಮನಾಗಬೇಡಿ, ಅದು ಎಲ್ಲಿ ತಪ್ಪಿತು ಅಂತ ಹೇಳುವುದಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಅಂಕಿ ಬರೆದುಕೊಳ್ಳಿ: ಎಷ್ಟು ಜನರಿಗೆ ತಲುಪಿತು, ಸೋಮವಾರ ಎಷ್ಟು ಜನ ಉತ್ತರ ಕೊಟ್ಟರು, ಎಷ್ಟು ಜನ ಬಂದರು, ಅದರಲ್ಲಿ 3:35ರ ಒಳಗೆ ಬಂದವರು ಎಷ್ಟು. ಕೊನೆಯದು ಝೂಮ್‌ನ ರಿಪೋರ್ಟಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಸೇರಿದ ಸಮಯ ಅಂತ ಸಿಗುತ್ತದೆ, ಆದರೆ ಆ ರಿಪೋರ್ಟಿಗೆ ದುಡ್ಡು ಕೊಟ್ಟ ಪ್ಲಾನ್ ಬೇಕು.

ತಲುಪಿದ್ದೇ ಕಡಿಮೆ ಆದರೆ ನಂಬರ್ ಸೇವ್ ಮಾಡಿಸುವ ಕೆಲಸ ಆಗಿಲ್ಲ. ತಲುಪಿಯೂ ಸೋಮವಾರ ಯಾರೂ ಉತ್ತರ ಕೊಡದಿದ್ದರೆ ಪ್ರಶ್ನೆ ಸಪ್ಪೆ, ಅಥವಾ ಒಂದೇ ಪದದಲ್ಲಿ ಹೇಳಲು ಬರದಂಥದ್ದು. ಉತ್ತರ ಕೊಟ್ಟವರೇ ಬುಧವಾರ ಬರದಿದ್ದರೆ ಮಂಗಳವಾರದ ಮೆಸೇಜನ್ನು ತಿದ್ದಿ, ಗಲ್ಲಾ ಏರ್ಪಾಡು ಆಗಿರಲಿಲ್ಲ ಅಂತ ಲೆಕ್ಕ. ಬಂದರು, ಆದರೆ ಬಹಳ ಜನ 3:45ರ ಮೇಲೆ ಬಂದರು ಅಂದರೆ ಕೊನೆಯದನ್ನು ಇನ್ನು ಐದು ನಿಮಿಷ ಮುಂಚೆ ಕಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ನಿಮ್ಮ ಲಿಸ್ಟು 256 ದಾಟಿದರೆ ಒಂದು ಬ್ರಾಡ್‌ಕಾಸ್ಟ್ ಸಾಲದು, ಎರಡನೆಯ ಲಿಸ್ಟ್ ಮಾಡಬೇಕು. ಸಾವಿರದ ಹತ್ತಿರ ಹೋದರೆ ವಾಟ್ಸಾಪ್ ಬಿಸಿನೆಸ್‌ನ ಎಪಿಐ, ಅಂದರೆ ರಾಶಿ ಮೆಸೇಜು ಕಳಿಸುವ ವ್ಯವಸ್ಥೆ ಕೊಡುವ ಕಂಪನಿಗಳ ಮೂಲಕ ಹೋಗಿ, ಅಲ್ಲಿ ಯಾರೂ ನಂಬರ್ ಸೇವ್ ಮಾಡಬೇಕಾಗಿಲ್ಲ. ಆದರೆ ಪಠ್ಯ ಮೊದಲೇ ಒಪ್ಪಿಗೆಗೆ ಹೋಗುತ್ತದೆ. ಹೆಸರು ಕೊಟ್ಟವರಿಗೆ ಸಮಯ, ಲಿಂಕ್ ಹೇಳುವ ಮೆಸೇಜು ಯುಟಿಲಿಟಿ ಅನ್ನುವ ಅಗ್ಗದ ವರ್ಗಕ್ಕೆ ಸೇರಬಹುದು. ಅದರಲ್ಲೇ ‘ನಮ್ಮ ವಾರ್ಷಿಕ ಪ್ಯಾಕೇಜಿಗೆ ರಿಯಾಯಿತಿ’ ಅಂತ ಒಂದು ಸಾಲು ತುರುಕಿದರೆ ಮಾರ್ಕೆಟಿಂಗ್ ವರ್ಗಕ್ಕೆ ಬೀಳುತ್ತದೆ, ಪ್ರತಿ ಮೆಸೇಜಿಗೂ ಜಾಸ್ತಿ ದುಡ್ಡು. ನೆನಪಿಸುವಾಗ ಮಾರಬೇಡಿ ಅನ್ನುವುದಕ್ಕೆ ಅಲ್ಲಿ ಬಿಲ್ಲೇ ಸಾಕ್ಷಿ.

ಬರದವರಿಗೆ ರೆಕಾರ್ಡಿಂಗನ್ನು ಗುರುವಾರ ಮಧ್ಯಾಹ್ನ, ಮತ್ತೆ ಅದೇ 3:40ಕ್ಕೆ ಕಳಿಸಿ. ಜೊತೆಗೆ ಕಾಂಪೊಸಿಷನ್‌ಗೆ ಹೋಗಬೇಕೆಂದಿರುವವರು ಮುಂದಿನ ಹಣಕಾಸು ವರ್ಷಕ್ಕೆ ಸಿಎಂಪಿ-02 ಅರ್ಜಿ ಹಾಕಲು ಮಾರ್ಚ್ 31 ಕೊನೆ ಅಂತ ಬರೆಯಿರಿ. ‘ಆಗಲ್ಲ’ ಅಂದವರಿಗೂ ಇದನ್ನು ಕಳಿಸಬಹುದೇ ಅಂತ ನೀವು ಕೇಳುತ್ತೀರಿ ಅಂತ ಗೊತ್ತು. ತೊಂದರೆ ಕೊಡಲ್ಲ ಅಂತ ಬರೆದುಕೊಟ್ಟಿದ್ದೀರಿ, ಆದ್ದರಿಂದ ಬ್ರಾಡ್‌ಕಾಸ್ಟ್‌ನಲ್ಲಿ ಬೇಡ. ಅವರು ಎಂಟೋ ಹತ್ತೋ ಜನ ಇರುತ್ತಾರೆ, ಫೋನ್ ಮಾಡಿ ಬಾಯಲ್ಲೇ ಹೇಳಿ.